ಪದಚರ್ಚೆ: ‘ಇದ್ದ ಹಾಗೇ ವಾಪಸ್ ಬರುತ್ತದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕಚೇರಿಯೊಂದಕ್ಕೆ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಅವರ ಸೆಟ್ಟಿಂಗ್ ಫೈಲ್ ಜೇಸನ್‌ನಲ್ಲಿದೆ. ಅದನ್ನು ಪೈಥಾನ್‌ನಲ್ಲಿ ಯಾಮಲ್ ಮಾಡಿಕೊಂಡು, ತಿದ್ದಿ, ಬೇರೊಂದು ಸಾಧನದಲ್ಲಿ ಮತ್ತೆ ಜೇಸನ್ ಮಾಡುತ್ತಾರೆ. ತಿದ್ದದೆ ಬಿಟ್ಟ ಭಾಗ ‘ಇದ್ದ ಹಾಗೇ ವಾಪಸ್ ಬರುತ್ತದೆ’ ಎಂದು ಬರೆದೆ. ಈ ಮಾತು ಇಲ್ಲಿ ಸಲ್ಲುತ್ತದಾ?

```
{"std": "0821", "branch": "Mysuru", "active": true}
```

ಮಂಡ್ಯದ ಸದಸ್ಯರು: ಸಲ್ಲುತ್ತದೆ ಸರ್. ಪೈಯಾಮಲ್ ಸುಮ್ನೆ ಬಿಟ್ಟರೆ ಕೀಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿಬಿಡುತ್ತದೆ, `active` ಮೇಲೆ ಬರುತ್ತದೆ. `sort_keys=False` ಕೊಡಿ. ಆಮೇಲೆ ಎಲ್ಲ ಇದ್ದ ಹಾಗೇ.

ಇನ್ನೊಬ್ಬರು, ಇದೇ ಕೆಲಸದವರು: ಕ್ರಮದ ಮಟ್ಟಿಗೆ ಅದು ಸರಿ. ಆದರೆ ಬಂದ ಯಾಮಲ್ ನೋಡಿ:

```
std: 0821
branch: Mysuru
active: true
```

0821ರ ಕೋಟ್ ಹೋಗಿದೆ, ಅಲ್ವಾ? ಪೈಯಾಮಲ್ ಯಾಮಲ್ 1.1ರ ನಿಯಮ ಹಿಡಿಯುತ್ತದೆ. ಅಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ ಅಷ್ಟಮಾನದ ಸಂಖ್ಯೆ. ಅಷ್ಟಮಾನದಲ್ಲಿ 8 ಅನ್ನುವ ಅಂಕಿಯೇ ಇಲ್ಲ. ಹಾಗಾಗಿ ಇದು ಸಂಖ್ಯೆಯಾಗಲಾರದು, ಕೋಟ್ ಬೇಡ ಎಂದು ಬಿಡುತ್ತದೆ. ತಾನೇ ಮತ್ತೆ ಓದಿದರೆ ಪಠ್ಯವಾಗಿಯೇ ಓದುತ್ತದೆ. ಆದರೆ 1.2ರ ನಿಯಮದ ಸಾಧನ ಅದನ್ನು 821 ಎಂಬ ಸಂಖ್ಯೆ ಮಾಡುತ್ತದೆ. ಮಂಡ್ಯದ 08232ಕ್ಕೂ ಇದೇ ಗತಿ. ಎರಡು ಸಾಧನ ಬಳಸುವ ನಿಮ್ಮಂಥವರಿಗೆ ಇದೇ ಅಪಾಯ. ವಾಪಸ್ ಬಂದ ಜೇಸನ್‌ನಲ್ಲಿ `"0821"` ಇದೆಯೋ `821` ಇದೆಯೋ ನೋಡಿದರೆ ತಿಳಿಯುತ್ತದೆ. ಯಾಮಲ್‌ನಲ್ಲಿ ಕೈಯಾರೆ ಕೋಟ್ ಹಾಕಿ, ಇಲ್ಲವೇ ಎರಡೂ ಕಡೆಗೆ ಒಂದೇ ಸಾಧನ ಬಳಸಿ.

ನಿವೃತ್ತ ಶಿಕ್ಷಕಿ: ನಮ್ಮ ಶಾಲೆಯ ಪೋಷಕರ ಫೋನ್ ಪಟ್ಟಿ ಎಕ್ಸೆಲ್‌ನಲ್ಲಿ ತೆರೆದಾಗಲೂ ಮುಂದಿನ ಸೊನ್ನೆ ಹೋಗುತ್ತಿತ್ತು. ಅದೂ ಈ 1.1, 1.2ರ ತಕರಾರೇನಾ?

ಇದೇ ಕೆಲಸದವರು: ಅಲ್ಲ ಮೇಡಂ, ಅಲ್ಲಿ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಬೇಕು. ಈ ಫೈಲ್‌ಗೆ ಬರೋಣ. ಯಾಮಲ್‌ನಲ್ಲಿ ಸಿಬ್ಬಂದಿ `#` ಹಾಕಿ ಬರೆದ ಟಿಪ್ಪಣಿ ಜೇಸನ್‌ಗೆ ಬರುವುದೇ ಇಲ್ಲ. ಜೇಸನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. `ruamel.yaml` ಟಿಪ್ಪಣಿ ಉಳಿಸುತ್ತದೆ, ಆದರೆ ಯಾಮಲ್ ಓದಿ ಯಾಮಲ್ ಆಗಿಯೇ ಬರೆದಾಗ ಮಾತ್ರ. ಯಾಮಲ್ ಅನ್ನೇ ಮೂಲ ಎಂದು ಇಟ್ಟುಕೊಂಡು, ತಿದ್ದುವುದನ್ನೆಲ್ಲ ಅಲ್ಲೇ ತಿದ್ದಿ, ಜೇಸನ್ ಅನ್ನು ಪ್ರತಿ ಸಲ ಅದರಿಂದ ಹೊರಡಿಸಿ.

ಮಂಡ್ಯದ ಸದಸ್ಯರು: `"_comment"` ಅಂತ ಒಂದು ಕೀ ಹಾಕಿ ಅದರಲ್ಲಿ ಬರೆದರೆ?

ಇದೇ ಕೆಲಸದವರು: ಉಳಿಯುತ್ತದೆ. ಆದರೆ ಆಗ ಅದು ಟಿಪ್ಪಣಿಯಲ್ಲ, ಡೇಟಾ. ಗೊತ್ತಿಲ್ಲದ ಕೀ ಕಂಡರೆ ಫೈಲನ್ನೇ ಒಪ್ಪದ ಸಾಫ್ಟ್‌ವೇರ್‌ಗಳಿವೆ.

ಕೇಳಿದವರು: ಹಾಗಾದರೆ ‘ಇದ್ದ ಹಾಗೇ’ ತೆಗೆಯುತ್ತೇನೆ. ‘ಕೀಗಳ ಕ್ರಮ ಉಳಿಯುತ್ತದೆ, ಕೋಟ್ ಇದ್ದರೆ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ, ಟಿಪ್ಪಣಿ ಉಳಿಯುವುದಿಲ್ಲ’ ಎಂದರೆ ಸಾಕಲ್ವಾ?

ನಿವೃತ್ತ ಶಿಕ್ಷಕಿ: ‘ಟಿಪ್ಪಣಿ’ ಬದಲು ‘ಷರಾ’ ಅನ್ನಿ. ಕಚೇರಿಯವರಿಗೆ ಅದೇ ರೂಢಿ.

ಮಂಡ್ಯದ ಸದಸ್ಯರು: ಷರಾ ಎಂದರೆ ದಾಖಲೆಯ ಭಾಗ ಅಂದುಕೊಳ್ಳುತ್ತಾರೆ ಮೇಡಂ. ಇದು ಕಳೆದುಹೋಗುವಂಥದ್ದು. ನನಗೆ ಒಪ್ಪಿಗೆಯಿಲ್ಲ.