ಕೊಳ್ಳೇಗಾಲದಿಂದ ಮೈಸೂರಿಗೆ ಕಳಿಸಿದಾಗ: ಯಾವ ಬಾಗಿಲು, ರಕ್ತ ಎಲ್ಲಿ

"ಚಿಕ್ಕಪ್ಪ, ನಮ್ಮತ್ತೆಗೆ ಎರಡು ದಿನದಿಂದ ಮಲ ಕಪ್ಪಗೆ ಹೋಗ್ತಿದೆ, ಹಿಮೋಗ್ಲೋಬಿನ್ 5.8 ಇದೆಯಂತೆ. ಕೊಳ್ಳೇಗಾಲದಿಂದ ಮೈಸೂರು ದೊಡ್ಡಾಸ್ಪತ್ರೆಗೆ ಬರ್ಕೊಡ್ತಿದಾರೆ. ಬಿ ನೆಗೆಟಿವ್ ರಕ್ತ. ಹತ್ರದ ಬ್ಲಡ್ ಬ್ಯಾಂಕ್ ಯಾವುದು, ಅಲ್ಲಿ ಯಾವ ಕಡೆ ಹೋಗ್ಬೇಕು?"

ನೋಡು ಪುಟ್ಟಿ, ಟೈಪ್ ಮಾಡಿದ್ರೆ ತಡ ಆಗುತ್ತೆ, ಅದಕ್ಕೆ ಮಾತಲ್ಲೇ ಹೇಳ್ತಿದೀನಿ. ಅಳಿಯಂದ್ರಿಗೂ ಕೇಳಿಸು.

ಮೊದಲು ಬಾಗಿಲು. ದೊಡ್ಡಾಸ್ಪತ್ರೆ ಅಂದ್ರೆ ಕೆ.ಆರ್. ಆಸ್ಪತ್ರೆ. ಅದರ ತುರ್ತು ಚಿಕಿತ್ಸಾ ವಿಭಾಗ, ಅಂದ್ರೆ ಕ್ಯಾಶುಯಲ್ಟಿಗೆ ನೇರ ಹೋಗಿ. ಹೆಂಗಸರು ಅಂತ ಪಕ್ಕದ ಚೆಲುವಾಂಬ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಡಿ. ಅದು ಹೆರಿಗೆ, ಗರ್ಭಕೋಶದ ತೊಂದರೆ ಮತ್ತು ಮಕ್ಕಳಿಗೆ. ಕಪ್ಪು ಮಲ ಅಂದ್ರೆ ಹೊಟ್ಟೆ ಒಳಗೆ ರಕ್ತ ಒಸರ್ತಿರಬಹುದು ಅಂತ, ಅದನ್ನ ನೋಡೋರು ಮೆಡಿಸಿನ್ ವಿಭಾಗದೋರು. ಆಂಬುಲೆನ್ಸ್ ಡ್ರೈವರ್‌ಗೂ ಹೊರಡೋಕೆ ಮುಂಚೆನೇ ಹೇಳ್ಬಿಡಿ.

ಇನ್ನು ಬ್ಲಡ್ ಬ್ಯಾಂಕ್. ಈಗ ಕೊಳ್ಳೇಗಾಲದಲ್ಲೋ ಚಾಮರಾಜನಗರದಲ್ಲೋ ರಕ್ತ ಹುಡುಕಿ ಡಬ್ಬಿಲಿ ತರೋ ಯೋಚನೆ ಬಿಡಿ. ಅತ್ತೆ ಯಾವ ಆಸ್ಪತ್ರೆಲಿ ದಾಖಲಾಗ್ತಾರೋ ಅದರ ಬ್ಲಡ್ ಬ್ಯಾಂಕೇ ನಿಮಗೆ ಹತ್ತಿರದ್ದು. ಕೆ.ಆರ್. ಆಸ್ಪತ್ರೆಗೆ ಸ್ವಂತ ಬ್ಲಡ್ ಬ್ಯಾಂಕ್ ಇದೆ. ಯಾವ ಬ್ಲಡ್ ಬ್ಯಾಂಕೂ ಬರೀ ಗುಂಪು ಹೇಳಿದ್ರೆ ರಕ್ತ ಕೊಡಲ್ಲ. ಡಾಕ್ಟರ್ ಸಹಿ ಮಾಡಿದ ಬೇಡಿಕೆ ಫಾರಂ, ಜೊತೆಗೆ ರೋಗಿಯಿಂದ ಆಗ ತೆಗೆದ ಸ್ಯಾಂಪಲ್, ಎರಡೂ ಬೇಕು. ಆ ಸ್ಯಾಂಪಲ್ಲನ್ನ ಚೀಲದ ರಕ್ತದ ಜೊತೆ ಸೇರಿಸಿ ಹೊಂದುತ್ತೋ ಇಲ್ವೋ ನೋಡ್ತಾರೆ. ಅದಕ್ಕೆ ಕ್ರಾಸ್ ಮ್ಯಾಚ್ ಅಂತಾರೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತೆ. ಹಾಗಾಗಿ ಅತ್ತೆ ದಾರೀಲಿ ಇರೋವಾಗ ಚೀಲ ಕೈಗೆ ಸಿಗಲ್ಲ. ಆದ್ರೆ ಆ ಹೊತ್ತಲ್ಲಿ ಆಗಬೇಕಾದ ಕೆಲಸ ಬೇರೆ ಇದೆ.

ಕೊಳ್ಳೇಗಾಲ ಬಿಡೋಕೆ ಮುಂಚೆ ಡಾಕ್ಟರನ್ನ ಒಂದು ಮಾತು ಕೇಳಿ: "ಇಲ್ಲಿನ ರಕ್ತ ಶೇಖರಣಾ ಘಟಕದಲ್ಲಿ ಬಿ ನೆಗೆಟಿವ್ ಇದೆಯಾ?" ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರೋದು ಶೇಖರಣಾ ಘಟಕ. ದಾನಿಗಳಿಂದ ರಕ್ತ ತೆಗೆಯೋ ವ್ಯವಸ್ಥೆ ಅಲ್ಲಿ ಇರಲ್ಲ, ದೊಡ್ಡ ಬ್ಯಾಂಕಿಂದ ತಂದ ನಾಲ್ಕಾರು ಚೀಲ ಫ್ರಿಜ್‌ಲಿ ಇಟ್ಕೊಂಡಿರ್ತಾರೆ. ಇದ್ರೆ ಒಂದು ಹಾಕಿ ಕಳಿಸಬೇಕಾ ಅನ್ನೋದನ್ನ ಅವರೇ ತೀರ್ಮಾನಿಸ್ತಾರೆ. ಹಾಕಿದ್ರೆ ಆ ವಿಷಯ ರೆಫರಲ್ ಚೀಟೀಲಿ ಬರೆಸ್ಲೇಬೇಕು, ಮೈಸೂರಲ್ಲಿ ಕ್ರಾಸ್ ಮ್ಯಾಚ್ ಮಾಡೋರಿಗೆ ಅದು ಗೊತ್ತಿರ್ಬೇಕು. ಚೀಟೀಲಿ ಬಿಪಿ, ಹಿಮೋಗ್ಲೋಬಿನ್, ಕೊಟ್ಟ ಇಂಜೆಕ್ಷನ್ ಇರಲಿ. ಗುಂಪಿನ ರಿಪೋರ್ಟ್ ಪ್ರತಿ ತಗೊಳ್ಳಿ. ಅತ್ತೆ ಹೃದಯಕ್ಕೆ ರಕ್ತ ತೆಳು ಮಾಡೋ ಮಾತ್ರೆ ಅಥವಾ ಮಂಡಿನೋವಿನ ಮಾತ್ರೆ ನುಂಗ್ತಿದ್ರೆ ಆ ಮಾತ್ರೆ ಸ್ಟ್ರಿಪ್‌ಗಳನ್ನ ಹಾಗೇ ಕವರ್‌ಗೆ ಹಾಕಿ. ರಕ್ತ ಒಸರೋಕೆ ಅವೇ ಕಾರಣ ಇರಬಹುದು, ಮೈಸೂರಿನ ಡಾಕ್ಟರ್ ಮೊದಲು ಕೇಳೋದೂ ಅದನ್ನೇ. ಆಧಾರ್, ಬಿಪಿಎಲ್ ಕಾರ್ಡ್ ಮರೀಬೇಡಿ.

ಅತ್ತೆ ಇರೋ ಆಂಬುಲೆನ್ಸ್ ಟಿ. ನರಸೀಪುರ ದಾಟೋ ಹೊತ್ತಿಗೆ ಮೈಸೂರಲ್ಲಿರೋ ಒಬ್ಬರು ದೊಡ್ಡಾಸ್ಪತ್ರೆ ಬ್ಲಡ್ ಬ್ಯಾಂಕ್ ಕೌಂಟರ್ ಮುಂದೆ ಇರಲಿ. ಅಲ್ಲಿ ಕೇಳ್ಬೇಕಾದ್ದು: ಬಿ ನೆಗೆಟಿವ್ ಪ್ಯಾಕ್ಡ್ ಸೆಲ್, ಅಂದ್ರೆ ಬೇರ್ಪಡಿಸಿದ ಕೆಂಪುಕಣದ ಚೀಲ ಎಷ್ಟಿದೆ, ಇಲ್ದಿದ್ರೆ ಓ ನೆಗೆಟಿವ್ ಪ್ಯಾಕ್ಡ್ ಸೆಲ್ ಎಷ್ಟಿದೆ. ಬಿ ನೆಗೆಟಿವ್ ಇರೋರಿಗೆ ಓ ನೆಗೆಟಿವ್ ಕೆಂಪುಕಣ ಹಾಕಬಹುದು. ಎರಡೂ ಇಲ್ಲ, ಜೀವಕ್ಕೆ ಅಪಾಯ ಅನ್ನೋ ಹಾಗಾದ್ರೆ ಈ ವಯಸ್ಸಿನ ಹೆಂಗಸರಿಗೆ ಪಾಸಿಟಿವ್ ಕೊಡೋ ತೀರ್ಮಾನವನ್ನ ಡಾಕ್ಟರ್‌ಗಳು ತಗೊಳ್ತಾರೆ. ಆಗ ಗಾಬರಿಯಾಗಿ ಜಗಳಕ್ಕೆ ನಿಲ್ಬೇಡಿ.

ಮನೇಲಿ ಕೂತೋರು ಇ-ರಕ್ತಕೋಶ್ ನೋಡಿ, eraktkosh.mohfw.gov.in. ಅದರಲ್ಲಿ ರಕ್ತ ಲಭ್ಯತೆ ಹುಡುಕೋ ಕಡೆ ಹೋಗಿ ಕರ್ನಾಟಕ, ಮೈಸೂರು ಜಿಲ್ಲೆ, ಗುಂಪು, ಪ್ಯಾಕ್ಡ್ ಸೆಲ್ ಆರಿಸಿ. ಕೊಳ್ಳೇಗಾಲ ಚಾಮರಾಜನಗರ ಜಿಲ್ಲೆ ಅಂತ ಆ ಜಿಲ್ಲೆ ಒತ್ತಬೇಡಿ. ಅಲ್ಲಿ ತೋರಿಸೋ ಸಂಖ್ಯೆಗಿಂತ ಅದನ್ನ ಯಾವಾಗ ಹಾಕಿದ್ದು ಅನ್ನೋದು ಮುಖ್ಯ. ನಿನ್ನೆ ಹಾಕಿದ "2" ಇವತ್ತು ಸೊನ್ನೆ ಆಗಿರಬಹುದು, ಅದರಲ್ಲೂ ನೆಗೆಟಿವ್ ಗುಂಪಲ್ಲಿ. ಫೋನ್ ಮಾಡಿ ಖಾತ್ರಿ ಮಾಡ್ಕೊಂಡೇ ಹೊರಡಿ. ದೊಡ್ಡಾಸ್ಪತ್ರೇಲಿ ಇಲ್ದಿದ್ರೆ ಅಗ್ರಹಾರದ ಕಡೆ ಜೆಎಸ್‌ಎಸ್ ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಕೇಳಿ, ಅಲ್ಲಿಗೂ ಕೆ.ಆರ್. ಆಸ್ಪತ್ರೆ ಡಾಕ್ಟರ್ ಫಾರಂ ಮತ್ತು ಸ್ಯಾಂಪಲ್ ತಗೊಂಡೇ ಹೋಗ್ಬೇಕು. ಖಾಸಗಿ ಬ್ಯಾಂಕಲ್ಲಿ ಒಂದು ಪ್ಯಾಕ್ಡ್ ಸೆಲ್ ಚೀಲಕ್ಕೆ ಸಂಸ್ಕರಣಾ ಶುಲ್ಕದ ಮಿತಿ 1550 ರೂಪಾಯಿ, ಹೆಚ್ಚುವರಿ ಪರೀಕ್ಷೆ ಮಾಡಿದ್ರೆ ಅದು ಬೇರೆ. ರಸೀದಿ ಕೇಳಿ ತಗೊಳ್ಳಿ.

ಈಗ ಎಲ್ಲರೂ ಎಡವೋ ಜಾಗ ಹೇಳ್ತೀನಿ. ಕ್ಯಾಶುಯಲ್ಟೀಲಿ ನೋಂದಣಿ ಆದ ಮೇಲೆ ಒಳರೋಗಿ ನಂಬರ್ ಸಿಗುತ್ತೆ. ಸ್ಯಾಂಪಲ್ ಟ್ಯೂಬ್ ಮೇಲೂ ಫಾರಂ ಮೇಲೂ ಹೆಸರು, ವಯಸ್ಸು, ಆ ನಂಬರ್ ಒಂದೇ ಥರ ಇರಬೇಕು. ಫಾರಂಲಿ ಮಹದೇವಮ್ಮ, ಟ್ಯೂಬ್ ಮೇಲೆ ಮಾದೇವಮ್ಮ ಅಂತ ಇದ್ರೆ ವಾಪಸ್ ಕಳಿಸ್ತಾರೆ, ಕಳಿಸಲೇಬೇಕು. ತಪ್ಪು ರಕ್ತ ಹೋಗೋದು ಹೆಚ್ಚಾಗಿ ಇಂಥ ಕಡೆಯಿಂದಲೇ. ಆಮೇಲೆ ಮತ್ತೆ ಸೂಜಿ ಚುಚ್ಚಿ ಹೊಸ ಸ್ಯಾಂಪಲ್, ಒಂದು ಗಂಟೆ ದಂಡ. ವಾರ್ಡ್ ಬಿಡೋಕೆ ಮುಂಚೆ ಎರಡನ್ನೂ ಪಕ್ಕ ಪಕ್ಕ ಹಿಡಿದು ಓದಿ, ಡಾಕ್ಟರ್ ಸಹಿ ಇದೆಯಾ, ಎಷ್ಟು ಚೀಲ ಅಂತ ಬರೆದಿದಾರಾ ನೋಡಿ. ಒಂದು ಚೀಲಕ್ಕೆ ಸುಮಾರು ಒಂದು ಗ್ರಾಂ ಏರುತ್ತೆ ಅನ್ನೋ ಲೆಕ್ಕ, ಹಾಗಾಗಿ ಈ 5.8ಕ್ಕೆ ಮೊದಲು ಎರಡು ಚೀಲ ಬರೀಬಹುದು. ಒಳಗೆ ಇನ್ನೂ ಒಸರ್ತಿದ್ರೆ ಅಷ್ಟಕ್ಕೆ ಏರಲ್ಲ, ಮತ್ತೆ ಕೇಳ್ತಾರೆ.

ಚೀಲ ಕೈಗೆ ಬಂದಾಗ ಕೌಂಟರಲ್ಲೇ ನಿಂತು ಹೆಸರು, ಗುಂಪು, ಚೀಲದ ನಂಬರ್, ಅವಧಿ ಮುಗಿಯೋ ದಿನ ಹೊಂದಾಣಿಕೆ ಚೀಟಿ ಜೊತೆ ತಾಳೆ ನೋಡಿ. ಎರಡು ಚೀಲ ಒಟ್ಟಿಗೆ ತರಬೇಡಿ. ಫ್ರಿಜ್‌ನಿಂದ ಹೊರಗೆ ಬಂದು ಅರ್ಧ ಗಂಟೆ ದಾಟಿದ್ರೆ ಬಳಸದ ಚೀಲವನ್ನ ಬ್ಯಾಂಕ್ ವಾಪಸ್ ತಗೊಳ್ಳಲ್ಲ, ಅಪರೂಪದ ರಕ್ತ ಸುಮ್ನೆ ಹಾಳು. ಜೆಎಸ್‌ಎಸ್‌ನಿಂದ ತರೋದಾದ್ರೆ ಅವರ ಹತ್ರನೇ ಥರ್ಮಾಕೋಲ್ ಡಬ್ಬಿ ಕೇಳಿ. ಚೀಲಕ್ಕೆ ಐಸ್ ನೇರ ತಾಗಬಾರದು. ತಣ್ಣಗಿದೆ ಅಂತ ಬಿಸಿನೀರಲ್ಲಿ ಇಡಲೂ ಬಾರದು, ಕಣ ಒಡೆದುಹೋಗುತ್ತೆ.

ದಾನಿಗಳ ವಿಷಯ. ಇವತ್ತು ಕೊಟ್ಟ ರಕ್ತ ಇವತ್ತೇ ಅತ್ತೆಗೆ ಹೋಗುತ್ತೆ ಅಂದ್ಕೋಬೇಡಿ. ಎಚ್‌ಐವಿ, ಕಾಮಾಲೆ, ಮಲೇರಿಯಾ ಪರೀಕ್ಷೆ, ಕಣ ಬೇರ್ಪಡಿಸೋದು, ಎಲ್ಲಾ ಆಗೋಕೆ ಕೆಲವು ಗಂಟೆ ಬೇಕು. ಅದಕ್ಕೇ ಬಿ ನೆಗೆಟಿವ್ ಇರೋರು ಈಗಲೇ ಹೊರಡಲಿ. 18ರಿಂದ 65 ವಯಸ್ಸು, 45 ಕೆಜಿಗೆ ಕಡಿಮೆ ಇರಬಾರದು, ಗಂಡಸರು ಮೂರು ತಿಂಗಳು ಹೆಂಗಸರು ನಾಲ್ಕು ತಿಂಗಳಿಂದ ಕೊಟ್ಟಿರಬಾರದು. ತಿಂಡಿ ತಿಂದು ಬರಲಿ. ಅಳಿಯಂದ್ರು ತಮ್ಮ ತಾಯಿಗೆ ಅಂತಲೇ ಕೊಡೋಕೆ ಹೋದ್ರೆ ಬ್ಯಾಂಕ್‌ನೋರು ಬೇಡ ಅನ್ನಬಹುದು. ರಕ್ತಸಂಬಂಧಿಗಳ ಬಿಳಿಕಣದಿಂದ ಅಪರೂಪಕ್ಕೆ ದೊಡ್ಡ ತೊಂದರೆ ಆಗುತ್ತೆ. ಬದಲಿ ರಕ್ತವಾಗಿ ಬ್ಯಾಂಕಿಗೆ ಕೊಟ್ರೆ ಅಡ್ಡಿ ಇಲ್ಲ.

ಬೇರೆ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕೋವಾಗ ಆಸ್ಪತ್ರೆ, ಗುಂಪು, ಎಷ್ಟು ಚೀಲ, ಇವತ್ತಿನ ತಾರೀಕು, ಸಮಯ, ಅಳಿಯಂದ್ರ ಒಂದೇ ನಂಬರ್ ಹಾಕಿ. ರಕ್ತ ಸಿಕ್ಕಿದ ತಕ್ಷಣ "ಸಿಕ್ಕಿತು" ಅಂತ ಅದರ ಕೆಳಗೇ ಬರೀರಿ. ಇಲ್ದಿದ್ರೆ ತಿಂಗಳಾದ್ರೂ ಆ ಮೆಸೇಜ್ ಸುತ್ತುತ್ತಾ, ನಿಜವಾಗ್ಲೂ ಬೇಕಾದೋರ ಮನೆಗೆ ಹೋಗಬೇಕಾದ ದಾನಿ ನಿಮಗೆ ಫೋನ್ ಮಾಡ್ತಿರ್ತಾನೆ.