ಪ್ರೀಮಿಯಂಗೆ ಸಿಗ್ತಿರೋ ಕಾಲಬಲ್ ಬಾಂಡ್: ವೈಟಿಎಂ ನೋಡ್ಬೇಕಾ, ವೈಟಿಸಿ ನೋಡ್ಬೇಕಾ?

ಪ್ರಶ್ನೆ: ಮುಖಬೆಲೆ 1000, ವರ್ಷಕ್ಕೆ 9% ಕೂಪನ್, ಇನ್ನೂ 10 ವರ್ಷ ಇದೆ, 3 ವರ್ಷ ಆದ್ಮೇಲೆ ಕಂಪನಿ 1000ಕ್ಕೆ ವಾಪಸ್ ತಗೋಬಹುದು, ಅಂದ್ರೆ ಕಾಲ್ ಮಾಡಬಹುದು. ಬೆಲೆ 1060. ವೈಟಿಎಂ, ಅಂದ್ರೆ ಕೊನೆವರೆಗೂ ಇಟ್ಕೊಂಡ್ರೆ ವರ್ಷಕ್ಕೆ ಸಿಗೋ ಇಳುವರಿ, 8.1% ಅಂತ ತೋರಿಸ್ತಿದಾರೆ. ಅದನ್ನ ನಂಬ್ಕೊಂಡು ತಗೋಬಹುದಾ? ಅನುಭವ ಇರೋರು ಹೇಳಿ.

ಉತ್ತರ 1
8.1 ಲೆಕ್ಕ ಸರಿಯಾಗೇ ಇದೆ, ಆದ್ರೆ ಅದು ಪೂರ್ತಿ 10 ವರ್ಷ ಬಾಂಡ್ ನಿಮ್ಮ ಕೈಲೇ ಇದ್ರೆ ಮಾತ್ರ. ನೀವು ಮುಖಬೆಲೆಗಿಂತ 60 ಜಾಸ್ತಿ ಕೊಡ್ತಿದೀರಿ, ಆ 60 ಕೊನೆಗೆ ವಾಪಸ್ ಬರಲ್ಲ. 10 ವರ್ಷದಲ್ಲಿ ಹಂಚಿದ್ರೆ ಅಷ್ಟು ಗೊತ್ತಾಗಲ್ಲ, ಮೂರೇ ವರ್ಷಕ್ಕೆ 1000 ಕೈಗಿಟ್ಟು ಮುಗಿಸಿದ್ರೆ ಮೂರು ಕೂಪನ್‌ನಲ್ಲೇ ಆ ನಷ್ಟ ಪೂರ್ತಿ ತುಂಬ್ಕೋಬೇಕು. ಎಕ್ಸೆಲ್‌ನಲ್ಲಿ ಎರಡೂ ಹಾಕಿ ನೋಡಿ:

```
=RATE(10,90,-1060,1000)
=RATE(3,90,-1060,1000)
```

ಒಂದು ದಶಮಾಂಶ ತೋರಿಸೋ ಹಾಗೆ ಇಟ್ರೆ ಮೊದಲನೇದು, ಅಂದ್ರೆ ವೈಟಿಎಂ, 8.1 ಬರುತ್ತೆ; ಎರಡನೇದು ವೈಟಿಸಿ, ಅಂದ್ರೆ ಕಾಲ್ ಆದ್ರೆ ಸಿಗೋ ಇಳುವರಿ, 6.7 ಬರುತ್ತೆ. ಎರಡರಲ್ಲಿ ಕಮ್ಮಿ ಇರೋದನ್ನೇ ಇಟ್ಕೊಂಡು ಯೋಚನೆ ಮಾಡಿ, ಯೀಲ್ಡ್ ಟು ವರ್ಸ್ಟ್ ಅಂತಾರಲ್ಲ ಅದು. ನಾನು 6.7ನ್ನ ಕಾಲ್ ಇಲ್ಲದ, ಅಷ್ಟೇ ರೇಟಿಂಗ್ ಇರೋ 3 ವರ್ಷದ ಬಾಂಡ್ ಜೊತೆ ಹೋಲಿಸಿ ನೋಡ್ತೀನಿ, ಅದರಲ್ಲೇ 7 ಸಿಗೋದಾದ್ರೆ ಇದನ್ನ ಮುಟ್ಟಲ್ಲ.

ಉತ್ತರ 2
ನನಗೆ ಆಗಿದ್ದು ಹೇಳ್ತೀನಿ. ಕಾಲ್‌ಗೆ ಸರಿಯಾಗಿ ಒಂದೇ ವರ್ಷ ಇದ್ದ, ಇದೇ 9% ಕೂಪನ್ ಬಾಂಡನ್ನ 1045ಕ್ಕೆ ತಗೊಂಡೆ, ಪಟ್ಟಿಯಲ್ಲಿ ವೈಟಿಎಂ ಮಾತ್ರ ದಪ್ಪ ಅಕ್ಷರದಲ್ಲಿತ್ತು. ಬಡ್ಡಿ ದರ ಇಳೀತು, ನೋಟಿಸ್ ಬಂತು. ಕೂಪನ್ 90 ಬಂತು, ಅಸಲಿನಲ್ಲಿ 45 ಹೋಯ್ತು, ಉಳಿದಿದ್ದು 45. ಅಂದ್ರೆ 4.3%. ಬ್ಯಾಂಕ್‌ಗೆ ಬಂದ ದುಡ್ಡನ್ನ ಮತ್ತೆ ಎಲ್ಲಾದ್ರೂ ಹಾಕೋಣ ಅಂದ್ರೆ ಹೊಸ ಬಾಂಡ್‌ಗಳೆಲ್ಲ ಅಷ್ಟರಲ್ಲಿ ಕಮ್ಮಿ ಕೂಪನ್‌ಗೆ ಬಂದ್ಬಿಟ್ಟಿದ್ವು, ನಿಜವಾಗ್ಲೂ ಹೊಟ್ಟೆ ಉರೀತು.

ಉತ್ತರ 3
ಪಾರ್, ಅಂದ್ರೆ ಮುಖಬೆಲೆ, ಅದಕ್ಕಿಂತ ಮೇಲೆ ಟ್ರೇಡ್ ಆಗ್ತಿದೆ ಅಂದ್ರೆ ಕಾಲ್ ಆಗೇ ಆಗುತ್ತೆ, ವೈಟಿಎಂ ಕಡೆ ನೋಡೋದೇ ಬೇಡ.

ಉತ್ತರ 4
ನನ್ ಹತ್ರ ಇರೋದು 960ಕ್ಕೆ ತಗೊಂಡಿದ್ದು, ಅದರಲ್ಲಿ ವೈಟಿಸಿನೇ ಜಾಸ್ತಿ ತೋರಿಸುತ್ತೆ. ಕಾಲ್ ಆದ್ರೆ ನನಗೆ ಲಾಭ ಅಲ್ವಾ? 3 ವರ್ಷ ಆದ್ಮೇಲೆ ನಾನೇ ಕಂಪನಿಗೆ ವಾಪಸ್ ಕೊಡಬಹುದಾ?

ಉತ್ತರ 1
ನಾಲ್ಕನೇಯವ್ರೇ, ಕಾಲ್ ಹಕ್ಕು ಕಂಪನಿದು, ನಿಮ್ಮದಲ್ಲ. ನೀವು ಹೇಳ್ತಿರೋದು ಪುಟ್, ಅದು ಬೇರೆ, ಟರ್ಮ್ ಶೀಟ್‌ನಲ್ಲಿ ಬರೆದಿದ್ರೆ ಮಾತ್ರ ಇರುತ್ತೆ. 960 ಬೆಲೆ ಇದೆ ಅಂದ್ರೆ ಸಾಮಾನ್ಯವಾಗಿ ಕಂಪನಿ ಈಗಿನ ದರಕ್ಕಿಂತ ಕಮ್ಮಿ ಬಡ್ಡಿಗೆ ಸಾಲ ಇಟ್ಕೊಂಡಿದೆ ಅಂತ, ಕಾಲ್ ಮಾಡೋಕೆ ಕಾರಣ ಇರಲ್ಲ, ಹಾಗಾಗಿ ನಿಮಗೆ ಕಮ್ಮಿ ಇರೋ ವೈಟಿಎಂನೇ ಲೆಕ್ಕ.

ಮೂರನೇಯವ್ರು ಹೇಳಿದ್ದು ಅರ್ಧ ಸರಿ. ಇವತ್ತು 1060 ಇರೋದು 3 ವರ್ಷ ಆದ್ಮೇಲೆ 970 ಆಗಿರಬಹುದು, ಬಡ್ಡಿ ಏರಿದ್ರೆ ಅಥವಾ ಕಂಪನಿ ಸ್ಥಿತಿ ಕೆಟ್ರೆ ಹೊಸ ಸಾಲ 9ಕ್ಕಿಂತ ಕಮ್ಮಿಗೆ ಸಿಗಲ್ಲ, ಆಗ ಕಾಲ್ ಮಾಡಲ್ಲ. ದರ ಇಳಿದ್ರೂ, ಹೊಸ ಬಾಂಡ್ ಹೊರಡಿಸೋ ಖರ್ಚು ಕಳೆದು ಉಳಿತಾಯ ಆಗ್ಬೇಕು. ನೋವು ಎಲ್ಲಿದೆ ಅಂದ್ರೆ, ದರ ಇಳಿದಾಗ ಬಾಂಡ್ ಕೈ ಬಿಟ್ಟು ಹೋಗುತ್ತೆ, ಏರಿದಾಗ ಕೈಲೇ ಉಳಿಯುತ್ತೆ. ಕಾಲ್ ದಿನ ಹತ್ತಿರ ಬಂದಂಗೆ, ದರ ಎಷ್ಟೇ ಇಳಿದ್ರೂ ಬೆಲೆ ಕಾಲ್ ಬೆಲೆಗಿಂತ ಜಾಸ್ತಿ ಮೇಲೆ ಹೋಗಲ್ಲ.

ಕೇಳಿದವರು
ಟರ್ಮ್ ಶೀಟ್ ಈಗ ಸರಿಯಾಗಿ ಓದಿದೆ. 3ನೇ ವರ್ಷದ ಕೊನೆಗೆ ಒಂದ್ಸಲ 1040ಕ್ಕೆ ಕಾಲ್ ಮಾಡಬಹುದು, ಆಮೇಲೆ 5ನೇ ವರ್ಷದ ಕೊನೆಯಿಂದ 1000ಕ್ಕೆ. ಮೊದ್ಲು ನಾನು 1000 ಅಂತ ಊಹೆ ಮಾಡ್ಕೊಂಡಿದ್ದೆ.

ಉತ್ತರ 1
ಹಾಗಿದ್ರೆ ಲೆಕ್ಕನೇ ಬದಲಾಯ್ತು. 3 ವರ್ಷಕ್ಕೆ 1040 ಹಾಕಿದ್ರೆ 7.9 ಬರುತ್ತೆ, 5 ವರ್ಷಕ್ಕೆ 1000 ಹಾಕಿದ್ರೆ 7.5. ಇಲ್ಲಿ ಕಮ್ಮಿ ಇಳುವರಿ ಮೊದಲ ಕಾಲ್ ದಿನದ್ದಲ್ಲ, ಎರಡನೇದು. ಅದಕ್ಕೇ ಒಂದೇ ಒಂದು ವೈಟಿಸಿ ತೋರಿಸಿದ್ರೆ ಯಾವ ದಿನ, ಯಾವ ಬೆಲೆ ಅಂತ ಕೇಳಿ. ಇನ್ನೊಂದು, ಈ 7.5ನಲ್ಲಿ ಕಂಪನಿ ದುಡ್ಡು ಕೊಡದೇ ಹೋಗೋ ಅಪಾಯವಾಗ್ಲಿ, ನಡುವೆ ನೀವೇ ಕಮ್ಮಿ ಬೆಲೆಗೆ ಮಾರಬೇಕಾಗಿ ಬರೋದಾಗ್ಲಿ ಲೆಕ್ಕಕ್ಕೆ ಸೇರಿಲ್ಲ.

ಉತ್ತರ 2
7.5 ಆದ್ರೂ ನಾನು ಪ್ರೀಮಿಯಂ ಕೊಡಲ್ಲ, ಪಾರ್ ಹತ್ತಿರ ಇರೋದನ್ನೇ ಹುಡುಕ್ತೀನಿ.

ಉತ್ತರ 1
ಅದು ನಾನು ಒಪ್ಪಲ್ಲ. ಪಾರ್‌ನಲ್ಲಿರೋ ಬಾಂಡ್ 7 ಕೊಟ್ಟು ಇದು 7.5 ಕೊಟ್ರೆ, ರೇಟಿಂಗ್ ಒಂದೇ ಇದ್ರೆ ಇದೇ ವಾಸಿ, 60 ಆಗ್ಲೇ ಲೆಕ್ಕದಲ್ಲಿ ಸೇರಿದೆ.

ಕೇಳಿದವರು
ಕಾಲ್ ಇಲ್ಲದ 5 ವರ್ಷದ್ದು ಎಷ್ಟಕ್ಕೆ ಸಿಗುತ್ತೆ ಅಂತ ನಾಳೆ ಕೇಳಿ ಇಲ್ಲೇ ಹಾಕ್ತೀನಿ.