ಒಂದೇ ಖರೀದಿಗೆ ಕೊಟ್ಟ ನಂಬರ್, ನಿಲ್ಲದ ಕರೆಗಳು: ಅನುಭವವಿದ್ದವರು ತಿಳಿಸಿ

ಪ್ರಶ್ನೆ

ಹಾಸಿಗೆ ಕೊಳ್ಳುವಾಗ ಬಿಲ್‌ಗೆ ಬೇಕೆಂದು ಮೊಬೈಲ್ ನಂಬರ್ ಕೇಳಿದರು, ಕೊಟ್ಟೆ. ಅಂದಿನಿಂದ ಸಾಲ, ವಿಮೆ ಎಂದು ದಿನಕ್ಕೆ ಐದಾರು ಕರೆಗಳು. ‘ನನ್ನ ಮಾಹಿತಿ ಅಳಿಸಿ’ ಎಂದು ಅಂಗಡಿಗೆ ಮೇಲ್ ಬರೆದೆ. ‘ಅಳಿಸಿದ್ದೇವೆ’ ಎಂಬ ಒಂದು ಸಾಲಿನ ಉತ್ತರ ಬಂತು. ಕರೆಗಳು ಮಾತ್ರ ನಿಂತಿಲ್ಲ. ಇನ್ನೇನು ಮಾಡಲಿ?

ಮೊದಲ ಉತ್ತರ

ಬಂದ ನಂಬರನ್ನೆಲ್ಲ ಬ್ಲಾಕ್ ಮಾಡುತ್ತಾ ಹೋಗಿ. ಧ್ವನಿಮುದ್ರಿತ ಕರೆ ಬಂದರೆ, ‘ಬೇಡವಾದರೆ ಇಂಥ ಅಂಕಿ ಒತ್ತಿ’ ಎನ್ನುತ್ತದಲ್ಲ, ಅದನ್ನು ಒತ್ತಿ. ನನಗೆ ಒಂದು ತಿಂಗಳಲ್ಲಿ ಕರೆಗಳು ಅರ್ಧಕ್ಕೆ ಇಳಿದವು.

ಗ್ರಾಹಕರ ಮಾಹಿತಿ ವಿಭಾಗದಲ್ಲಿ ಕೆಲಸ ಮಾಡಿದವರು

ಬ್ಲಾಕ್ ಮಾಡುವುದು ತಪ್ಪಲ್ಲ, ಆದರೆ ಕರೆ ಮಾಡುವವರು ನಂಬರ್ ಬದಲಿಸುತ್ತಲೇ ಇರುತ್ತಾರೆ. ಅಂಕಿ ಒತ್ತುವ ಸಲಹೆಯನ್ನು ಎಲ್ಲ ಕಡೆಯೂ ಪಾಲಿಸಬೇಡಿ. ಹೆಸರು ಹೇಳಿಕೊಂಡು ಕರೆ ಮಾಡುವ ಸಂಸ್ಥೆ ಅದನ್ನು ಗೌರವಿಸಬಹುದು. ಯಾರೆಂದೇ ಹೇಳದವರಿಗೆ ಮಾತ್ರ ನೀವು ಒತ್ತಿದ ಅಂಕಿ ತಿಳಿಸುವುದು ಒಂದೇ ವಿಷಯ: ಈ ನಂಬರ್ ಬಳಕೆಯಲ್ಲಿದೆ, ಎತ್ತಿಕೊಳ್ಳುವ ಮನುಷ್ಯರಿದ್ದಾರೆ.

ಪ್ರಶ್ನೆ ಕೇಳಿದವರಿಗೆ: ನಾನು ಏಳು ವರ್ಷ ಒಂದು ಮಾರಾಟ ಸಂಸ್ಥೆಯಲ್ಲಿ ಇದೇ ಕೆಲಸ ಮಾಡಿದ್ದೇನೆ. ‘ಅಳಿಸಿದ್ದೇವೆ’ ಎಂದು ನಿಮಗೆ ಬರೆದವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರ ಕಣ್ಣಿಗೆ ಕಾಣುವ ಗ್ರಾಹಕರ ಪಟ್ಟಿಯಿಂದ ನಿಮ್ಮ ಸಾಲನ್ನು ತೆಗೆದಿರುತ್ತಾರೆ. ಆದರೆ ನಂಬರ್ ಅಷ್ಟು ಹೊತ್ತಿಗೆ ಬಿಲ್ಲಿಂಗ್‌ನಲ್ಲಿ, ಸಾಮಾನು ತಲುಪಿಸುವವರ ಬಳಿ, ಎಸ್ಎಂಎಸ್ ಕಳುಹಿಸುವ ಏಜೆನ್ಸಿಯಲ್ಲಿ, ಕಾಲ್ ಸೆಂಟರ್‌ಗೆ ಕೊಟ್ಟ ಎಕ್ಸೆಲ್ ಕಡತದಲ್ಲಿ ಬೇರೆ ಬೇರೆಯಾಗಿ ಕುಳಿತಿರುತ್ತದೆ. ಮೂಲದಲ್ಲಿ ಅಳಿಸಿದರೆ ಪ್ರತಿಗಳು ತಾವಾಗಿ ಅಳಿಯುವುದಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲೇ ಎಷ್ಟೋ ಸಲ ನಡೆದಿದೆ. ಒಬ್ಬರ ಮಾಹಿತಿಯನ್ನು ಪೂರ್ತಿ ಅಳಿಸುತ್ತಿದ್ದೆವು. ಮೂರು ತಿಂಗಳ ಮೇಲೆ ಮಾರ್ಕೆಟಿಂಗ್‌ನವರು ಹಳೆಯ ಕಡತವೊಂದನ್ನು ಮತ್ತೆ ಏರಿಸುತ್ತಿದ್ದರು. ‘ಇವರು ಬೇಡವೆಂದಿದ್ದರು’ ಎಂಬ ನೆನಪೂ ಅಳಿಸಿಹೋಗಿದ್ದರಿಂದ ಅದೇ ನಂಬರ್ ಹೊಸ ಗ್ರಾಹಕನಾಗಿ ಒಳಗೆ ಬರುತ್ತಿತ್ತು. ಆದ್ದರಿಂದ ‘ಅಳಿಸಿ’ ಎಂದಷ್ಟೇ ಕೇಳಬಾರದು. ‘ಉಳಿದದ್ದನ್ನು ಅಳಿಸಿ, ನಂಬರನ್ನು ಮಾತ್ರ ಕರೆ ಮಾಡಬಾರದವರ ಪಟ್ಟಿಯಲ್ಲಿ ಇಡಿ’ ಎಂದು ಕೇಳಬೇಕು. ಒಳಗಿನವರು ಇದನ್ನು ಸಪ್ರೆಶನ್ ಲಿಸ್ಟ್ ಎನ್ನುತ್ತಾರೆ. ಹೊಸ ಕಡತ ಏರಿಸುವಾಗಲೆಲ್ಲ ಈ ಪಟ್ಟಿಯೊಂದಿಗೆ ತಾಳೆ ನೋಡಿದರೆ ನಿಮ್ಮ ನಂಬರ್ ಹೊರಗೇ ಉಳಿಯುತ್ತದೆ.

ಕೇಳುವ ಕ್ರಮವೂ ಮುಖ್ಯ. ನಂಬರನ್ನು ಯಾರಿಗೆ ಕೊಟ್ಟಿರಿ ಎಂಬುದನ್ನು ಮೊದಲು ಕೇಳಬೇಕು, ಅಳಿಸುವುದನ್ನು ಆಮೇಲೆ. ಮೊದಲೇ ಅಳಿಸಿದರೆ ‘ನಮ್ಮಲ್ಲಿ ದಾಖಲೆಯೇ ಇಲ್ಲ’ ಎನ್ನಲು ದಾರಿಯಾಗುತ್ತದೆ. ನಿಮ್ಮ ವಿಷಯದಲ್ಲಿ ಅದು ಆಗಿಹೋಗಿದೆ, ಆದರೂ ಬಿಲ್ ಇದೆಯಲ್ಲ. ಲೆಕ್ಕಪತ್ರಗಳನ್ನು ಕಾನೂನಿನ ಪ್ರಕಾರ ವರ್ಷಗಟ್ಟಲೆ ಇಡಲೇಬೇಕಾದ್ದರಿಂದ ಬಿಲ್ ಅವರ ಬಳಿ ಇರುತ್ತದೆ. ಆ ಬಿಲ್ ಸಂಖ್ಯೆಯನ್ನು ಹಿಡಿದು ಹೀಗೆ ಬರೆಯಿರಿ:

‘ಇಂಥ ದಿನಾಂಕದ, ಇಂಥ ಸಂಖ್ಯೆಯ ಬಿಲ್‌ಗಾಗಿ ನನ್ನ ನಂಬರ್ ಕೊಟ್ಟಿದ್ದೆ. ಪ್ರಚಾರಕ್ಕೆ ನನ್ನ ಒಪ್ಪಿಗೆ ಇಲ್ಲ. ಯಾವುದಾದರೂ ನಮೂನೆಯಲ್ಲಿ ಒಪ್ಪಿಗೆ ದಾಖಲಾಗಿದ್ದರೆ ಇಂದಿನಿಂದ ಅದನ್ನು ಹಿಂಪಡೆದಿದ್ದೇನೆ. ನಂಬರನ್ನು ಯಾವ ಯಾವ ಸಂಸ್ಥೆಗಳಿಗೆ, ಯಾವಾಗ ಕೊಟ್ಟಿದ್ದೀರಿ ಎಂಬುದನ್ನು ಹೆಸರು ಸಹಿತ ತಿಳಿಸಿ. ಅನಂತರ ಕಾನೂನಿಗೆ ಬೇಕಾದ ಬಿಲ್ ದಾಖಲೆ ಬಿಟ್ಟು ಉಳಿದದ್ದನ್ನು ಅಳಿಸಿ, ಪಡೆದವರಿಗೂ ಅಳಿಸಲು ತಿಳಿಸಿ. ನಂಬರನ್ನು ಕರೆ ಮಾಡಬಾರದವರ ಪಟ್ಟಿಯಲ್ಲಿ ಮಾತ್ರ ಉಳಿಸಿ.’

ಇದನ್ನು ಗ್ರಾಹಕ ಸೇವೆಯ ಮೇಲ್‌ಗಲ್ಲ, ಅವರ ಗೌಪ್ಯತಾ ನೀತಿಯ ಪುಟದ ಕೊನೆಯಲ್ಲಿ ಇರುವ ವಿಳಾಸಕ್ಕೆ ಕಳುಹಿಸಿ. ಗುರುತಿನ ಚೀಟಿಯ ಪ್ರತಿ ಕೇಳಿದರೆ ಕೊಡುವ ಮೊದಲು ಯೋಚಿಸಿ. ನಂಬರ್ ನಿಮ್ಮದೇ ಎಂದು ತಿಳಿಯಲು ಅದೇ ನಂಬರಿಗೆ ಒಂದು ಒಟಿಪಿ ಕಳುಹಿಸಿದರೆ ಸಾಕು.

ಇನ್ನೊಬ್ಬರು

ನನಗೂ ಇದೇ ಕಾಟ. ನಾನು ಯಾರಿಗೂ ನಂಬರ್ ಕೊಟ್ಟಿಲ್ಲ, ಹೋದ ವರ್ಷವಷ್ಟೇ ಹೊಸ ಸಿಮ್ ತೆಗೆದುಕೊಂಡೆ. ಯಾರದೋ ಹೆಸರು ಹಿಡಿದು, ಸಾಲ ಕಟ್ಟಿಲ್ಲವೇಕೆ ಎಂದು ಬೈಯುತ್ತಾರೆ. ನನಗೂ ಈ ಪತ್ರ ಆಗುತ್ತದೆಯೇ?

ಗ್ರಾಹಕರ ಮಾಹಿತಿ ವಿಭಾಗದಲ್ಲಿ ಕೆಲಸ ಮಾಡಿದವರು

ನಿಮ್ಮದು ಬೇರೆ ಕಥೆ. ಆ ನಂಬರ್ ಹಿಂದೆ ಇನ್ನೊಬ್ಬರದಾಗಿತ್ತು, ಕಂಪನಿ ಅದನ್ನು ನಿಮಗೆ ಮರುಹಂಚಿಕೆ ಮಾಡಿದೆ. ನೀವು ಕೇಳಬೇಕಾದದ್ದು ತಿದ್ದುಪಡಿಯನ್ನು: ‘ಈ ನಂಬರ್ ಈಗ ಆ ವ್ಯಕ್ತಿಯದಲ್ಲ’ ಎಂದು. ಸಿಮ್ ಚಾಲೂ ಆದ ದಿನಾಂಕದ ದಾಖಲೆ ಜೊತೆಗಿರಲಿ. ಸಾಲ ಕೊಟ್ಟವರು ಕೇಳುತ್ತಾರೆ. ವಸೂಲಿಗೆ ನೇಮಿಸಿದ ಏಜೆನ್ಸಿಗಳು ಎಷ್ಟು ಬೇಗ ತಿದ್ದಿಕೊಳ್ಳುತ್ತವೆ ಎಂದು ನಾನು ಹೇಳಲಾರೆ.

ಯುರೋಪಿನಲ್ಲಿ ನೆಲೆಸಿರುವವರು

ನನಗೆ ನೆರವಾದದ್ದು ಒಂದು ಅಕ್ಷರದೋಷ. ಕನ್ನಡಕ ಕೊಂಡಾಗ ಅಂಗಡಿಯವರು ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಟೈಪ್ ಮಾಡಿದ್ದರು. ಮುಂದೆ ವಿಮೆಯ ಕರೆ ಮಾಡಿದವಳು ಅದೇ ತಪ್ಪು ಹೆಸರಿನಿಂದ ಕರೆದಳು. ಎಲ್ಲಿಂದ ಸೋರಿತು ಎಂಬ ಅನುಮಾನವೇ ಉಳಿಯಲಿಲ್ಲ. ಸಿಟ್ಟಾಗದೆ ಅವಳನ್ನು ಎರಡೇ ಮಾತು ಕೇಳಿದೆ: ಯಾವ ಸಂಸ್ಥೆಯ ಪರವಾಗಿ ಕರೆ, ನನ್ನ ನಂಬರ್ ಯಾವ ಪಟ್ಟಿಯಲ್ಲಿದೆ. ಪಟ್ಟಿ ಮಾರಿದವರ ಹೆಸರು ಹೇಳಿದಳು. ದಿನಾಂಕ, ಸಮಯ, ಬಂದ ನಂಬರ್, ಅವಳ ಮಾತು ಎಲ್ಲವನ್ನೂ ಬರೆದುಕೊಂಡು ಪತ್ರದ ಜೊತೆ ಕಳುಹಿಸಿದೆ.

ಇಲ್ಲಿ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾನೂನು ಇದೆ. ನೇರ ಪ್ರಚಾರ ಬೇಡವೆಂದರೆ ಅವರು ನಿಲ್ಲಿಸಲೇಬೇಕು, ಕಾರಣ ಕೊಡಬೇಕಿಲ್ಲ; ಅದು 21ನೆಯ ವಿಧಿ. ಪತ್ರಕ್ಕೆ ಒಂದು ತಿಂಗಳೊಳಗೆ ಉತ್ತರ ಬರಬೇಕು. ಮಾಹಿತಿ ಪಡೆದವರ ಹೆಸರನ್ನೇ ಕೊಡಬೇಕು, ‘ನಮ್ಮ ಪಾಲುದಾರರು’ ಎಂದರೆ ಸಾಲದು ಎಂದು ಯುರೋಪಿಯನ್ ನ್ಯಾಯಾಲಯ 2023ರಲ್ಲಿ ಹೇಳಿದೆ. ಅಂಗಡಿ ಇಪ್ಪತ್ತಾರನೆಯ ದಿನ ನಾಲ್ಕು ಹೆಸರು ಕೊಟ್ಟಿತು. ನಾಲ್ವರಿಗೂ ಬರೆದೆ. ಮೂವರು ನಿಲ್ಲಿಸಿದರು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ನಾನಿರುವುದು ಭಾರತದಲ್ಲಿ. ಪ್ರಚಾರದ ಕರೆಗಳು ಬೇಡವೆಂದು ಡಿಎನ್‌ಡಿ ಹಾಕಿಸಿದ್ದೇನೆ, ಆದರೂ ಅಂಗಡಿಯ ಹೆಸರಿನಲ್ಲೇ ಕರೆ ಬರುತ್ತವೆ. ಏಕೆ?

ಗ್ರಾಹಕರ ಮಾಹಿತಿ ವಿಭಾಗದಲ್ಲಿ ಕೆಲಸ ಮಾಡಿದವರು

ನೀವಾಗಿ ಒಪ್ಪಿಗೆ ಕೊಟ್ಟ ಸಂಸ್ಥೆಯನ್ನು ಡಿಎನ್‌ಡಿ ತಡೆಯುವುದಿಲ್ಲ. ಬಿಲ್ ಮಾಡುವಾಗ ಪರದೆಯ ಮೇಲೆ ಒಂದು ಗುರುತು ಹಾಕಿಸಿಕೊಂಡಿರಬಹುದು. ಪತ್ರದಲ್ಲಿ ‘ಒಪ್ಪಿಗೆ ಹಿಂಪಡೆದಿದ್ದೇನೆ’ ಎಂಬ ವಾಕ್ಯ ಇಟ್ಟದ್ದು ಅದಕ್ಕಾಗಿಯೇ. ಬೇರೆಯವರ ಕರೆಗಳಿಗೆ 1909ಕ್ಕೆ ದೂರು ಕೊಡಿ. ಕರೆ ಬಂದ ಏಳು ದಿನದೊಳಗೆ ಕೊಡಬೇಕು, ಆದ್ದರಿಂದ ಅಂದೇ ಬರೆದುಕೊಳ್ಳಿ. ಅಳಿಸುವ ಹಕ್ಕು 2023ರ ಡಿಪಿಡಿಪಿ ಎಂಬ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಅವಧಿ ಇಟ್ಟಿದ್ದಾರೆ. ಪತ್ರವನ್ನು ಅಲ್ಲಿಯವರೆಗೆ ತಡೆಯಬೇಡಿ, ದಿನಾಂಕವಿರುವ ದಾಖಲೆ ಮುಂದೆ ಬೇಕಾಗುತ್ತದೆ.

ಮೊದಲ ಉತ್ತರ ಕೊಟ್ಟವರು

ಅಂಕಿ ಒತ್ತುವ ವಿಷಯ ನನಗೆ ಗೊತ್ತಿರಲಿಲ್ಲ, ಬಿಡುತ್ತೇನೆ. ಆದರೆ ಕರೆಗಳು ಅರ್ಧಕ್ಕೆ ಇಳಿದದ್ದು ನಿಜ. ಏಕೆ ಇಳಿದವು?

ಯುರೋಪಿನಲ್ಲಿ ನೆಲೆಸಿರುವವರು

ಒಂದು ಪಟ್ಟಿಯ ಪ್ರಚಾರ ಮುಗಿದಿರಬಹುದು. ನನಗೂ ಆ ನಾಲ್ಕನೆಯವರಿಂದ ಆರು ವಾರ ಮೌನವಿತ್ತು, ಮೊನ್ನೆ ಮತ್ತೆ ಅದೇ ತಪ್ಪು ಹೆಸರಿನಿಂದ ಕರೆದರು. ಅಂದೇ ದತ್ತಾಂಶ ರಕ್ಷಣಾ ಪ್ರಾಧಿಕಾರಕ್ಕೆ ದೂರು ಕಳುಹಿಸಿದ್ದೇನೆ, ಉತ್ತರ ಬಂದಿಲ್ಲ.